ಅಮ್ಮನ ಖಾತೆಗೆ ಜಂಟಿ ಹೆಸರೋ, ನಾಮಿನಿಯೋ? ಮಲೆನಾಡಿನ ಅಡಿಕೆ ಮನೆಗಳಿಗೆ ಒಂದು ಹೋಲಿಕೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಬ್ಯಾಂಕುಗಳಲ್ಲಿ ಕೊಯ್ಲು ಮುಗಿದು ಅಡಿಕೆ ದುಡ್ಡು ಬರುವ ಹೊತ್ತಿಗೆ ಒಂದು ಮಾತು ಪದೇ ಪದೇ ಕೇಳುತ್ತದೆ: "ಅಮ್ಮನಿಗೆ ವಯಸ್ಸಾಯ್ತು, ಖಾತೆಗೆ ನನ್ನ ಹೆಸರೂ ಸೇರಿಸಿಬಿಡಿ." ಕೇಳುವ ಮಗನಿಗಾಗಲಿ ಮಗಳಿಗಾಗಲಿ ಕೆಟ್ಟ ಉದ್ದೇಶ ಇರುವುದಿಲ್ಲ. ಆದರೆ ಆ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಅವನ್ನು ಬಿಡಿಸಿ ನೋಡದೆ ಫಾರ್ಮಿಗೆ ಸಹಿ ಹಾಕಿದರೆ ಮುಂದೆ ಒಡಹುಟ್ಟಿದವರ ನಡುವೆ ಮನಸ್ತಾಪ ಹುಟ್ಟುತ್ತದೆ.

ಮೊದಲ ಪ್ರಶ್ನೆ, ಅಮ್ಮ ಇರುವಾಗ ಹಣ ತೆಗೆಯುವವರು ಯಾರು? ಎರಡನೆಯದು, ಅಮ್ಮನ ನಂತರ ಬ್ಯಾಂಕು ಹಣವನ್ನು ಯಾರ ಕೈಗೆ ಕೊಡಬೇಕು? ಮೂರನೆಯದು, ಆ ಹಣ ಕೊನೆಗೆ ಯಾರಿಗೆ ಸೇರಬೇಕು? ಜಂಟಿ ಖಾತೆ ಮೊದಲ ಎರಡಕ್ಕೆ ಉತ್ತರ ಕೊಡುತ್ತದೆ. ನಾಮಿನಿ ಎರಡನೆಯದಕ್ಕೆ ಮಾತ್ರ. ಮೂರನೆಯದಕ್ಕೆ ಎರಡೂ ಉತ್ತರವಲ್ಲ. ಅದನ್ನು ತೀರ್ಮಾನಿಸುವುದು ವಿಲ್, ಅದಿಲ್ಲದಿದ್ದರೆ ಉತ್ತರಾಧಿಕಾರದ ಕಾನೂನು.

ಒಂದು ಮನೆಯನ್ನು ಊಹಿಸಿಕೊಂಡು ನೋಡೋಣ. ತೀರ್ಥಹಳ್ಳಿ ಹತ್ತಿರದ ಮನೆ, ಅಮ್ಮನಿಗೆ 76 ವರ್ಷ, ಅಪ್ಪ ತೀರಿಕೊಂಡಿದ್ದಾರೆ. ತೋಟ ಅಮ್ಮನ ಹೆಸರಿನಲ್ಲಿದೆ. ದೊಡ್ಡ ಮಗ ಮನೆಯಲ್ಲೇ ಇದ್ದು ತೋಟ ನೋಡಿಕೊಳ್ಳುತ್ತಾನೆ. ಮಗಳು ಸಾಗರದಲ್ಲಿ, ಚಿಕ್ಕ ಮಗ ಬೆಂಗಳೂರಿನಲ್ಲಿ. ಅಮ್ಮನ ಉಳಿತಾಯ ಖಾತೆಯಲ್ಲಿ 3 ಲಕ್ಷ ಇದೆ, ಎಫ್.ಡಿ.ಗಳಲ್ಲಿ 12 ಲಕ್ಷ ಇದೆ. ಅಡಿಕೆ ಮಾರಿದ ಹಣ ಬರುವುದೂ ಅದೇ ಉಳಿತಾಯ ಖಾತೆಗೆ. ಕೊನೆಗಾರನ ಕೂಲಿ, ಸುಲಿತದ ಕೂಲಿ, ಗೊಬ್ಬರ, ಮಳೆಗಾಲದ ಬೋರ್ಡೋ ಔಷಧಿ, ಅಮ್ಮನ ಮಾತ್ರೆ ಎಲ್ಲವೂ ಅಲ್ಲಿಂದಲೇ ಹೋಗಬೇಕು.

ಈಗ ನಡೆಯುತ್ತಿರುವುದು: ಅಮ್ಮನ ಕಾರ್ಡು, ಮಗನ ಕೈಯಲ್ಲಿ ಪಿನ್

ಹೋಲಿಕೆ ಇಲ್ಲಿಂದಲೇ ಶುರುವಾಗಬೇಕು, ಯಾಕೆಂದರೆ ಹೆಚ್ಚಿನ ಮನೆಗಳಲ್ಲಿ ನಿಜವಾಗಿ ನಡೆಯುವುದು ಇದೇ. ಎಟಿಎಂ ಕಾರ್ಡು ಅಮ್ಮನ ಹೆಸರಿನದು, ಪಿನ್ ಮಗನಿಗೆ ಗೊತ್ತು, ಮೊಬೈಲ್ ನಂಬರೂ ಮಗನದೇ. ಸುಲಭ ಅನ್ನಿಸುತ್ತದೆ. ಆದರೆ ಮಗನಿಗೆ ಆ ಖಾತೆಯ ಮೇಲೆ ಬರವಣಿಗೆಯಲ್ಲಿ ಯಾವ ಅಧಿಕಾರವೂ ಇಲ್ಲ. ಮೋಸದ ಕರೆ ಬಂದು ಹಣ ಹೋಯಿತು ಅಂದುಕೊಳ್ಳಿ. ಪಿನ್ ಅಥವಾ ಒಟಿಪಿಯನ್ನು ಬೇರೆಯವರಿಗೆ ಕೊಟ್ಟದ್ದರಿಂದ ಹಣ ಹೋದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಗ್ರಾಹಕರದ್ದೇ ಎಂದು ರಿಸರ್ವ್ ಬ್ಯಾಂಕಿನ 2017ರ ನಿಯಮ ಹೇಳುತ್ತದೆ.

ಇನ್ನೂ ದೊಡ್ಡ ತೊಂದರೆ ಅಮ್ಮ ತೀರಿಕೊಂಡ ಮೇಲೆ ಬರುತ್ತದೆ. ತಿಥಿ ಖರ್ಚಿಗೆ ಅಂತ ಅದೇ ಕಾರ್ಡಿನಿಂದ ಹಣ ತೆಗೆಯುತ್ತಾರೆ. ಖಾತೆದಾರರು ಹೋದ ಮೇಲಿನ ತಾರೀಖಿನಲ್ಲಿ ಹಣ ತೆಗೆದದ್ದು ಸ್ಟೇಟ್‌ಮೆಂಟಿನಲ್ಲಿ ಹಾಗೇ ಉಳಿಯುತ್ತದೆ. ಮುಂದೆ ಜಗಳವಾದಾಗ ಎಲ್ಲರೂ ಮೊದಲು ಬೆರಳಿಡುವುದು ಆ ಸಾಲಿನ ಮೇಲೆ. ಖರ್ಚು ನ್ಯಾಯವಾದದ್ದೇ ಆಗಿರಬಹುದು, ಆದರೆ ತೆಗೆದ ದಾರಿ ತಪ್ಪು.

ಜಂಟಿ ಖಾತೆ

ಜಂಟಿ ಖಾತೆ ಅಂದಾಗ ಫಾರ್ಮಿನಲ್ಲಿ ಯಾವ ಆಯ್ಕೆಗೆ ಗುರುತು ಹಾಕುತ್ತೀರಿ ಅನ್ನುವುದೇ ಮುಖ್ಯ. 'ಐದರ್ ಆರ್ ಸರ್ವೈವರ್' ಅಂದರೆ ಇಬ್ಬರಲ್ಲಿ ಯಾರಾದರೂ ಒಬ್ಬರ ಸಹಿ ಸಾಕು, ಒಬ್ಬರು ಹೋದರೆ ಉಳಿದವರಿಗೆ ಹಣ. 'ಫಾರ್ಮರ್ ಆರ್ ಸರ್ವೈವರ್' ಅಂದರೆ ಮೊದಲ ಹೆಸರಿನವರು ಇರುವ ತನಕ ಅವರೊಬ್ಬರೇ ನಡೆಸುತ್ತಾರೆ, ಅವರ ನಂತರ ಎರಡನೆಯವರು. 'ಜಾಯಿಂಟ್ಲಿ' ಅಂದರೆ ಪ್ರತಿ ಸಲವೂ ಇಬ್ಬರ ಸಹಿ ಬೇಕು. ಅಮ್ಮನ ದಿನದ ಖರ್ಚು ಸಾಗಿಸಲು ಕೆಲಸಕ್ಕೆ ಬರುವುದು ಮೊದಲನೆಯದೊಂದೇ.

ಅದರ ಅನುಕೂಲ ನಿಜಕ್ಕೂ ದೊಡ್ಡದು. ಜುಲೈ ಮಳೆಯಲ್ಲಿ ಅಮ್ಮನನ್ನು ಪೇಟೆಗೆ ಕರೆತರಬೇಕಾಗಿಲ್ಲ. ಮಗನಿಗೆ ತನ್ನದೇ ಕಾರ್ಡು ಸಿಗುತ್ತದೆ, ಚೆಕ್ಕಿಗೆ ತನ್ನದೇ ಸಹಿ. ಅಮ್ಮ ಆಸ್ಪತ್ರೆಯಲ್ಲಿದ್ದರೂ ಕೂಲಿ ಬಟವಾಡೆ ನಿಲ್ಲುವುದಿಲ್ಲ.

ಈಗ ಅಪಾಯ ನೋಡಿ. ನಮ್ಮ ಉದಾಹರಣೆಯ ಮನೆಯವರು 15 ಲಕ್ಷವನ್ನೂ ಅಮ್ಮ ಮತ್ತು ದೊಡ್ಡ ಮಗನ ಹೆಸರಿಗೆ ಐದರ್ ಆರ್ ಸರ್ವೈವರ್ ಮಾಡಿದರು ಅನ್ನೋಣ. ವಿಲ್ ಬರೆಯಲಿಲ್ಲ. ಅಮ್ಮ ತೀರಿಕೊಂಡರು. ಬ್ಯಾಂಕು ದೊಡ್ಡ ಮಗನಿಗೆ ಹಣ ಕೊಟ್ಟು ಕೈ ತೊಳೆದುಕೊಳ್ಳುತ್ತದೆ, ಅದರ ಕೆಲಸ ಅಷ್ಟೇ. ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ವಿಲ್ ಇಲ್ಲದೆ ಹೋದ ಹೆಂಗಸಿನ ಆಸ್ತಿ ಗಂಡ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮಪಾಲು. ಅಂದರೆ ಮೂವರಿಗೂ ತಲಾ 5 ಲಕ್ಷ. ಖಾತೆಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ಆ ಹಣ ದಾನ ಕೊಟ್ಟಂತಾಗುವುದಿಲ್ಲ ಎಂಬುದು ಹಳೆಯ ತೀರ್ಮಾನ. ಗಂಡ ತನ್ನ ಹಣವನ್ನು ತನ್ನ ಮತ್ತು ಹೆಂಡತಿಯ ಹೆಸರಿನಲ್ಲಿ ಇದೇ ರೀತಿ ಇಟ್ಟಿದ್ದ ಪ್ರಕರಣದಲ್ಲಿ 1928ರಲ್ಲೇ, ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಹಾಗೆ ಹೇಳಿತ್ತು.

ಹಕ್ಕು ಇದೆ ಅನ್ನುವುದು ಒಂದು, ಹಣ ಕೈಗೆ ಬರುವುದು ಇನ್ನೊಂದು, ಅಲ್ವಾ? ಹಣ ಈಗ ದೊಡ್ಡವನ ಬಳಿ ಇದೆ. ಅವನು ಕೊಡದಿದ್ದರೆ ತಂಗಿ, ತಮ್ಮ ದಾವೆ ಹೂಡಬೇಕು. ಅವನ ಕಡೆಯಿಂದಲೂ ಒಂದು ಮಾತಿರುತ್ತದೆ: "ಆ ಖಾತೆಯಲ್ಲಿ ನನ್ನ ದುಡ್ಡೂ ಇತ್ತು." ನನ್ನ ಅನಿಸಿಕೆಯಲ್ಲಿ ಮಲೆನಾಡಿನ ಮನೆಗಳಲ್ಲಿ ನಿಜವಾದ ಗಂಟು ಇದೇ. ತೋಟ ಅಮ್ಮನ ಹೆಸರಿನದು, ದುಡಿದವನು ಮಗ. ಒಂದು ವರ್ಷ ಕೊಳೆರೋಗ ಬಂದು ಫಸಲು ಹೋದಾಗ ಕೈಯಿಂದ ಹಾಕಿದವನೂ ಅವನೇ. ಟ್ರ್ಯಾಕ್ಟರ್ ಬಾಡಿಗೆಯ ಅವನ ಸ್ವಂತ ಆದಾಯವೂ ಅದೇ ಖಾತೆಗೆ ಬಿದ್ದಿದೆ. ಹತ್ತು ವರ್ಷ ಹೀಗೆ ಕಲಸಿದ ಮೇಲೆ ಯಾವ ರೂಪಾಯಿ ಅಮ್ಮನದು, ಯಾವುದು ಮಗನದು ಎಂದು ಬೇರೆ ಮಾಡಲು ಯಾರಿಂದಲೂ ಆಗುವುದಿಲ್ಲ. ಅವನ ಮಾತು ಸುಳ್ಳಲ್ಲ, ಉಳಿದವರ ಅನುಮಾನವೂ ತಪ್ಪಲ್ಲ. ಆದ್ದರಿಂದ ಜಂಟಿ ಖಾತೆ ಮಾಡಿದರೆ ಅದರೊಳಗೆ ಯಾವ ಹಣ ಬರಬೇಕು, ಯಾವುದು ಬರಬಾರದು ಅನ್ನುವುದನ್ನು ಮೊದಲೇ ಕಟ್ಟುನಿಟ್ಟಾಗಿ ಇಟ್ಟುಕೊಳ್ಳಬೇಕು.

ಅಮ್ಮನ ಕಡೆಯಿಂದ ಒಂದು ರಕ್ಷಣೆ ಇದೆ. ಮಗ ಹಣ ತೆಗೆಯುವ ರೀತಿ ಸರಿಯಿಲ್ಲ ಅನ್ನಿಸಿದರೆ ಅವರು ಬ್ಯಾಂಕಿಗೆ ಬರೆದುಕೊಟ್ಟು ಒಬ್ಬರ ಸಹಿಯ ವ್ಯವಹಾರ ನಿಲ್ಲಿಸಬಹುದು. ಆಮೇಲೆ ಇಬ್ಬರೂ ಸೇರಿ ಹೇಳಿದರೆ ಮಾತ್ರ ಖಾತೆ ನಡೆಯುತ್ತದೆ. ಆದರೆ ಅದಕ್ಕೆ ಅಮ್ಮನಿಗೆ ವ್ಯವಹಾರ ಕಾಣುತ್ತಿರಬೇಕು. ಪಾಸ್‌ಬುಕ್ಕು ಅವರ ಕೈಯಲ್ಲೇ ಇರಲಿ, ಮೆಸೇಜು ಅವರ ಫೋನಿಗೂ ಬರಲಿ.

ನಾಮಿನಿ

ನಾಮಿನಿಗೆ ಅಮ್ಮ ಇರುವಾಗ ಯಾವ ಅಧಿಕಾರವೂ ಇಲ್ಲ. ಬ್ಯಾಲೆನ್ಸ್ ಕೇಳುವ ಹಕ್ಕೂ ಇಲ್ಲ. ಅಮ್ಮನ ಹಣ ಪೂರ್ತಿ ಅಮ್ಮನ ಹತೋಟಿಯಲ್ಲೇ ಇರುತ್ತದೆ, ಯಾವಾಗ ಬೇಕಾದರೂ ನಾಮಿನಿಯನ್ನು ಬದಲಿಸಬಹುದು. ಕೂಡಿಟ್ಟ ಹಣಕ್ಕೆ ಇದೇ ಸರಿಯಾದ ದಾರಿ ಎನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಡ.

ಅಮ್ಮನ ನಂತರ ನಾಮಿನಿ ಮರಣ ಪ್ರಮಾಣಪತ್ರ, ತನ್ನ ಗುರುತಿನ ಚೀಟಿ, ಕ್ಲೈಮ್ ಅರ್ಜಿ ಕೊಟ್ಟರೆ ಸಾಕು. ಬ್ಯಾಂಕು 15 ದಿನದೊಳಗೆ ಇತ್ಯರ್ಥ ಮಾಡಬೇಕು. ವಂಶವೃಕ್ಷ, ಕೋರ್ಟಿನ ಉತ್ತರಾಧಿಕಾರ ಪತ್ರ ಕೇಳುವಂತಿಲ್ಲ. ನಾಮಿನಿಯೂ ಇಲ್ಲ, ಜಂಟಿ ಹೆಸರೂ ಇಲ್ಲ ಅಂದಾಗಲೇ ನಾಡಕಚೇರಿಯ ಓಡಾಟ, ಎಲ್ಲ ವಾರಸುದಾರರ ಸಹಿ, ಬಾಂಡು ಎಲ್ಲ ಶುರುವಾಗುವುದು. ಒಬ್ಬರು ಸಹಿ ಹಾಕದೆ ಕೂತರೆ ಹಣ ಅಲ್ಲೇ ನಿಲ್ಲುತ್ತದೆ.

ಆದರೆ ನಾಮಿನಿ ಮಾಲೀಕನಲ್ಲ. ಅವನು ಹಣ ಪಡೆದು ವಾರಸುದಾರರಿಗೆ ಹಂಚಬೇಕಾದವನು. ಬ್ಯಾಂಕ್ ಠೇವಣಿಯ ವಿಷಯದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. "ನನ್ನನ್ನೇ ನಾಮಿನಿ ಮಾಡಿದ್ದಾರೆ, ಹಾಗಾಗಿ ನನಗೇ" ಎಂದು ನಂಬಿ ಹಣ ಖರ್ಚು ಮಾಡಿಬಿಟ್ಟವರು ಆಮೇಲೆ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ.

ಮೊದಲು ಒಂದು ಠೇವಣಿಗೆ ಒಬ್ಬರನ್ನೇ ನಾಮಿನಿ ಮಾಡಬೇಕಿತ್ತು. ಜಗಳದ ಅರ್ಧ ಬೇರು ಅಲ್ಲಿತ್ತು. 2025ರ ನವೆಂಬರ್ 1ರಿಂದ ನಾಲ್ವರ ತನಕ ಬರೆಸಬಹುದು. ಎರಡು ರೀತಿ ಇವೆ. ಎಲ್ಲರಿಗೂ ಏಕಕಾಲಕ್ಕೆ ಇಷ್ಟಿಷ್ಟು ಶೇಕಡಾ ಎಂದು ಬರೆಯುವುದು ಒಂದು, ಮೊತ್ತ 100 ಆಗಬೇಕು. ಒಬ್ಬರ ನಂತರ ಒಬ್ಬರು ಎಂದು ಸಾಲಾಗಿ ಬರೆಯುವುದು ಇನ್ನೊಂದು, ಅಲ್ಲಿ ಮೊದಲಿನವರು ಇಲ್ಲದಿದ್ದರೆ ಮಾತ್ರ ಮುಂದಿನವರಿಗೆ. ಲಾಕರಿಗೆ ಸಾಲಾಗಿ ಬರೆಯುವ ರೀತಿ ಮಾತ್ರ. ಮೂವರು ಮಕ್ಕಳಿರುವ ನಮ್ಮ ಮನೆಗೆ ಏಕಕಾಲದ ರೀತಿಯೇ ಹೊಂದುತ್ತದೆ: 34, 33, 33. ಬ್ಯಾಂಕೇ ಮೂವರ ಖಾತೆಗೂ ಬೇರೆ ಬೇರೆ ಹಾಕುತ್ತದೆ, ಒಬ್ಬನ ಕೈಯಿಂದ ಇನ್ನೊಬ್ಬ ಇಸಿದುಕೊಳ್ಳುವ ಮುಜುಗರವೇ ಇರುವುದಿಲ್ಲ. ನಾಮಿನಿಗಳಲ್ಲಿ ಯಾರಾದರೂ ಮೊದಲೇ ತೀರಿಕೊಂಡರೆ ಆ ಭಾಗಕ್ಕೆ ನಾಮಿನಿ ಇಲ್ಲದ ಹಾಗಾಗುತ್ತದೆ, ಆಗ ಹೊಸದಾಗಿ ಬರೆಸಬೇಕು.

ಜಂಟಿ ಖಾತೆಗೂ ನಾಮಿನಿ ಹಾಕಬಹುದು, ಹಾಕಲೇಬೇಕು ಎನ್ನುತ್ತೇನೆ. ಆದರೆ ಅಲ್ಲಿ ನಾಮಿನಿಯ ಸರದಿ ಬರುವುದು ಇಬ್ಬರೂ ಖಾತೆದಾರರು ಹೋದ ಮೇಲೆ. "ಜಂಟಿಯಲ್ಲಿ ಅಣ್ಣ ಇದ್ದರೇನು, ನಾಮಿನಿ ನಾನಿದ್ದೇನಲ್ಲ" ಎಂದು ತಂಗಿ ಸಮಾಧಾನ ಪಟ್ಟುಕೊಂಡಿದ್ದರೆ ಅದು ತಪ್ಪು ತಿಳಿವಳಿಕೆ.

ನಡುವಿನ ದಾರಿ: ಅಧಿಕಾರ ಪತ್ರ

ಮಗನನ್ನು ಖಾತೆದಾರ ಮಾಡದೆ, ಅಮ್ಮನ ಪರವಾಗಿ ಖಾತೆ ನಡೆಸಲು ಮಾತ್ರ ಬಿಡುವ ದಾರಿಯೂ ಇದೆ. ಬ್ಯಾಂಕಿನಲ್ಲಿ ಇದಕ್ಕೆ ಮ್ಯಾಂಡೇಟ್ ಎನ್ನುತ್ತಾರೆ, ಬ್ಯಾಂಕಿನದೇ ಫಾರ್ಮ್ ಇರುತ್ತದೆ. ಅಮ್ಮ ಹೋದ ಕ್ಷಣ ಈ ಅಧಿಕಾರ ಮುಗಿಯುತ್ತದೆ, ಹಣ ನಾಮಿನಿಗಳಿಗೆ ಹೋಗುತ್ತದೆ. ಒಡಹುಟ್ಟಿದವರ ನಡುವೆ ಈಗಾಗಲೇ ಅಪನಂಬಿಕೆ ಇದ್ದರೆ ಜಂಟಿ ಖಾತೆಗಿಂತ ಇದೇ ಮೇಲು.

ಇದರ ಮಿತಿ ಒಂದೇ, ಆದರೆ ದೊಡ್ಡದು. ಅಮ್ಮನಿಗೆ ಮರೆವಿನ ಕಾಯಿಲೆ ಬಂದು ವ್ಯವಹಾರ ಅರ್ಥವಾಗದ ಸ್ಥಿತಿ ಬಂದರೆ, ಅವರು ಕೊಟ್ಟ ಅಧಿಕಾರವೂ ಕಾನೂನಿನಲ್ಲಿ ನಿಲ್ಲುವುದಿಲ್ಲ. ನೋಂದಣಿಯಾದ ಪವರ್ ಆಫ್ ಅಟಾರ್ನಿಗೂ ಇದೇ ಗತಿ. ಆಮೇಲೆ ಹೈಕೋರ್ಟಿನಿಂದ ಪಾಲಕರ ನೇಮಕ ಮಾಡಿಸಿಕೊಳ್ಳುವಂಥ ದೂರದ ದಾರಿಗಳೇ ಉಳಿಯುವುದು. ಹಾಗಾಗಿ ಅಮ್ಮ ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ, ಸಹಿ ಬದಲಾಗುತ್ತಿದೆ ಎಂದು ಕಂಡರೆ, ಅವರಿಗೆ ಇನ್ನೂ ಚೆನ್ನಾಗಿ ತಿಳಿಯುತ್ತಿರುವಾಗಲೇ ಈ ಕೆಲಸಗಳನ್ನು ಮುಗಿಸಿ.

ಬರೀ ಕೈ ನಡುಗಿ ಸಹಿ ಆಗದಿದ್ದರೆ ಅದಕ್ಕೆ ಹೆದರಬೇಕಿಲ್ಲ. ಹೆಬ್ಬೆಟ್ಟು ನಡೆಯುತ್ತದೆ. ಹಾಸಿಗೆ ಹಿಡಿದವರಿದ್ದರೆ ಇಬ್ಬರು ಸಾಕ್ಷಿಗಳ ಎದುರು ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಕೊಡಬಹುದು, ಆ ಇಬ್ಬರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯ ಅಧಿಕಾರಿ ಆಗಿರಬೇಕು. 70 ದಾಟಿದವರಿಗೆ ಮನೆ ಬಾಗಿಲಿಗೆ ಸೇವೆ ಕೊಡಬೇಕೆಂದೂ ರಿಸರ್ವ್ ಬ್ಯಾಂಕು ಹೇಳಿದೆ. ಶಾಖೆಯಲ್ಲಿ ಬಾಯಿಬಿಟ್ಟು ಕೇಳಿ.

ಈ ಮನೆಗೆ ನಾನು ಹೇಳುವುದು

ಒಂದನ್ನೇ ಆರಿಸಬೇಡಿ. ಹಣವನ್ನು ಅದರ ಕೆಲಸ ನೋಡಿ ಬೇರೆ ಮಾಡಿ.

ತೋಟ ಮತ್ತು ಮನೆ ಖರ್ಚಿಗೆ ಒಂದು ಉಳಿತಾಯ ಖಾತೆ. ಮೊದಲ ಹೆಸರು ಅಮ್ಮ, ಎರಡನೆಯದು ದೊಡ್ಡ ಮಗ, ಐದರ್ ಆರ್ ಸರ್ವೈವರ್. ಅಡಿಕೆ ಹಣ ಇಲ್ಲಿಗೆ ಬರಲಿ, ಕೂಲಿ ಇಲ್ಲಿಂದ ಹೋಗಲಿ. ಮಗನ ಸ್ವಂತ ದುಡಿಮೆಯ ಹಣ ಇಲ್ಲಿಗೆ ಬರಬಾರದು, ಅದು ಅವನ ಖಾತೆಯಲ್ಲೇ ಇರಲಿ. ತೋಟಕ್ಕೆ ಕೈಯಿಂದ ಹಾಕಿದ್ದರೆ ಅಮ್ಮನ ಖಾತೆಗೆ ಬ್ಯಾಂಕ್ ಮೂಲಕವೇ ಹಾಕಿ, ಹಣ ಬಂದಾಗ ಹಾಗೇ ವಾಪಸು ಪಡೆಯಲಿ. ಆಗ ಸ್ಟೇಟ್‌ಮೆಂಟೇ ಸಾಕ್ಷಿ. ದುಡಿಮೆಗೆ ತಿಂಗಳಿಗಿಷ್ಟು ಎಂದು ಮನೆಯವರೆಲ್ಲ ಒಪ್ಪಿ ಕೊಡುವುದಿದ್ದರೆ ಅದೂ ಬ್ಯಾಂಕ್ ಮೂಲಕವೇ ಹೋಗಲಿ. ಈ ಖಾತೆಯಲ್ಲಿ ಒಂದು ಸುಗ್ಗಿಯ ಖರ್ಚಿಗೆ ಬೇಕಾದಷ್ಟು, ಅಂದರೆ ಈ ಮನೆಯ ಲೆಕ್ಕದಲ್ಲಿ 3 ಲಕ್ಷ, ಉಳಿದರೆ ಸಾಕು. ಮಿಕ್ಕದ್ದು ಅಮ್ಮನ ಎಫ್.ಡಿ.ಗೆ ಹೋಗಲಿ.

12 ಲಕ್ಷದ ಎಫ್.ಡಿ.ಯಲ್ಲಿ 10 ಲಕ್ಷ ಅಮ್ಮನ ಒಬ್ಬರ ಹೆಸರಿನಲ್ಲೇ ಇರಲಿ, ಮೂವರು ಮಕ್ಕಳೂ ಏಕಕಾಲದ ನಾಮಿನಿಗಳು. ಉಳಿದ 2 ಲಕ್ಷವನ್ನು ಆಸ್ಪತ್ರೆ ಖರ್ಚಿಗೆ ಎಂದು ಅಮ್ಮ ಮತ್ತು ಮಗನ ಜಂಟಿ ಎಫ್.ಡಿ. ಮಾಡಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಐದರ್ ಆರ್ ಸರ್ವೈವರ್ ಎಂದಿದ್ದರೂ ಅವಧಿಗೆ ಮೊದಲೇ ಎಫ್.ಡಿ. ಒಡೆಯಲು ಸಾಮಾನ್ಯವಾಗಿ ಇಬ್ಬರ ಸಹಿಯೂ ಬೇಕು. ಅಮ್ಮ ಶಿವಮೊಗ್ಗದಲ್ಲೋ ಮಣಿಪಾಲದಲ್ಲೋ ಐಸಿಯುನಲ್ಲಿದ್ದಾಗ ಅದು ಆಗುವ ಮಾತಲ್ಲ. ಎಫ್.ಡಿ. ಮಾಡುವಾಗಲೇ "ಅವಧಿಗೆ ಮುನ್ನ ಒಬ್ಬರೇ ತೆಗೆಯಬಹುದು, ಒಬ್ಬರು ತೀರಿಕೊಂಡರೆ ಉಳಿದವರು ತೆಗೆಯಬಹುದು" ಎಂಬ ಒಪ್ಪಿಗೆಯನ್ನು ಇಬ್ಬರೂ ಬರೆದು ಕೊಟ್ಟಿಡಿ.

ಎಲ್ಲದರಲ್ಲೂ ಅಮ್ಮನ ಹೆಸರೇ ಮೊದಲು ಇರಲಿ. ಹಿರಿಯ ನಾಗರಿಕರ ಹೆಚ್ಚಿನ ಬಡ್ಡಿ ಸಿಗುವುದು ಮೊದಲ ಹೆಸರು ಹಿರಿಯರದ್ದಾಗಿದ್ದರೆ. ಬಡ್ಡಿಯ ಮೇಲಿನ ತೆರಿಗೆ ಕಡಿತವೂ ಮೊದಲ ಹೆಸರಿನ ಪ್ಯಾನ್‌ಗೇ ಹೋಗುತ್ತದೆ. ಮಗನ ಹೆಸರು ಮುಂದಿದ್ದರೆ ಅಮ್ಮನ ಬಡ್ಡಿ ಅವನ ಆದಾಯದಂತೆ ಕಾಣುತ್ತದೆ. ಸರ್ಕಾರಿ ಪೆನ್ಷನ್ ಬರುವ ಖಾತೆಗೆ ಮಾತ್ರ ಕೈ ಹಾಕುವ ಮುನ್ನ ವಿಚಾರಿಸಿ. ಕೇಂದ್ರ ಸರ್ಕಾರದ ಪೆನ್ಷನ್ ಖಾತೆಯನ್ನು ಗಂಡ ಹೆಂಡತಿ ಜಂಟಿಯಾಗಿ ಇಟ್ಟುಕೊಳ್ಳಬಹುದು, ಮಕ್ಕಳನ್ನು ಸೇರಿಸಿಕೊಳ್ಳಲು ಬಿಡುವುದಿಲ್ಲ.

ಇನ್ನು ಮೂರನೆಯ ಪ್ರಶ್ನೆ. ಅಮ್ಮನಿಗೆ ಸಮಪಾಲು ಬೇಡ, ತೋಟ ನೋಡಿಕೊಂಡವನಿಗೆ ಸ್ವಲ್ಪ ಜಾಸ್ತಿ ಹೋಗಲಿ ಎಂಬ ಮನಸ್ಸಿದ್ದರೆ ಅದನ್ನು ಜಂಟಿ ಖಾತೆಯ ಮೂಲಕ ಸಾಧಿಸಲು ಹೋಗಬೇಡಿ, ವಿಲ್‌ನಲ್ಲಿ ಬರೆಯಲಿ. ವಿಲ್‌ಗೆ ಸ್ಟಾಂಪ್ ಶುಲ್ಕ ಇಲ್ಲ, ನೋಂದಣಿ ಕಡ್ಡಾಯವೂ ಅಲ್ಲ. ಅಮ್ಮನ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಬೇಕು. ಸಾಕ್ಷಿಗಳು ಮಕ್ಕಳಾಗಲಿ ಸೊಸೆ ಅಳಿಯಂದಿರಾಗಲಿ ಆಗದಿದ್ದರೆ ಒಳ್ಳೆಯದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದೆ "ಇದು ಅಮ್ಮನ ಸಹಿಯೇ ಅಲ್ಲ" ಎನ್ನುವವರ ಬಾಯಿಗೆ ಅಷ್ಟು ಬಲ ಇರುವುದಿಲ್ಲ. ವಿಲ್‌ನಲ್ಲಿ ಇರುವ ಪಾಲು ಮತ್ತು ನಾಮಿನಿಯ ಶೇಕಡಾ ಎರಡೂ ಒಂದೇ ಇರುವಂತೆ ನೋಡಿಕೊಳ್ಳಿ. ಬೇರೆ ಬೇರೆ ಇದ್ದರೆ ಹಣ ಒಬ್ಬರ ಕೈಗೆ, ಹಕ್ಕು ಇನ್ನೊಬ್ಬರಿಗೆ ಆಗಿ ಮತ್ತೆ ಜಗಳಕ್ಕೆ ದಾರಿ.

ಇದಕ್ಕೂ ಮೊದಲು ಒಂದು ವಿಷಯ ಕೇಳಿಕೊಳ್ಳಿ: ಆ 12 ಲಕ್ಷ ಅಮ್ಮನದೇನಾ? ಅಪ್ಪನ ಎಫ್.ಡಿ.ಗೆ ಅಮ್ಮ ನಾಮಿನಿ ಆಗಿದ್ದು, ಅವರು ಹೋದ ಮೇಲೆ ಅಮ್ಮನ ಹೆಸರಿಗೆ ಬಂದ ಹಣವಾದರೆ, ಅಪ್ಪ ವಿಲ್ ಬರೆದಿರದಿದ್ದಲ್ಲಿ ಅದರಲ್ಲಿ ಮಕ್ಕಳಿಗೆ ಆಗಲೇ ಪಾಲಿತ್ತು. ಎಲ್ಲರೂ ಒಪ್ಪಿ ಅಮ್ಮನಿಗೆ ಬಿಟ್ಟಿದ್ದರೆ ಅದನ್ನು ಕಾಗದದ ಮೇಲೆ ಇಡಿ.

ಬ್ಯಾಂಕಿಗೆ ಹೋಗುವ ದಿನ

ಅಮ್ಮನೂ ಎರಡನೆಯ ಖಾತೆದಾರನೂ ಒಟ್ಟಿಗೆ ಹೋಗಬೇಕು. ಆಗುವುದಾದರೆ ಉಳಿದ ಇಬ್ಬರು ಮಕ್ಕಳೂ ಬರಲಿ, ಬೆಂಗಳೂರಿನವನು ದೀಪಾವಳಿಗೆ ಬಂದಾಗ ಇಟ್ಟುಕೊಳ್ಳಿ. ಸಹಿ ಅವರದ್ದು ಬೇಡ, ಆದರೆ ಏನು ಮಾಡಿದೆವು ಎಂದು ಎಲ್ಲರ ಎದುರು ಆದದ್ದಕ್ಕೆ ಬೆಲೆ ಇದೆ. ಆಧಾರ್, ಪ್ಯಾನ್, ಫೋಟೋ, ಪಾಸ್‌ಬುಕ್ಕು, ಎಫ್.ಡಿ. ರಸೀದಿಗಳು ಜೊತೆಗಿರಲಿ. ಹಳೆಯ ಖಾತೆಗೆ ಹೆಸರು ಸೇರಿಸಿದಾಗ ಹಳೆಯ ನಾಮಿನಿ ಹಾಗೇ ಉಳಿದಿದೆ ಎಂದುಕೊಳ್ಳಬೇಡಿ, ಹೊಸದಾಗಿ ಬರೆಸಿ. ಪ್ರತಿ ಎಫ್.ಡಿ.ಗೂ ನಾಮಿನಿ ಬೇರೆಯೇ, ಉಳಿತಾಯ ಖಾತೆಯಲ್ಲಿರುವುದು ತಾನಾಗಿ ಎಫ್.ಡಿ.ಗೆ ಬರುವುದಿಲ್ಲ. ಫಾರ್ಮ್ ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ, ಪಾಸ್‌ಬುಕ್ಕಿನಲ್ಲೂ ಎಫ್.ಡಿ. ರಸೀದಿಯಲ್ಲೂ ನಾಮಿನಿಯ ಹೆಸರು ಅಚ್ಚಾಗಿದೆಯಾ ಎಂದು ಅಲ್ಲೇ ನಿಂತು ನೋಡಿ.

ಊರಿನ ಸೊಸೈಟಿಯಲ್ಲೂ ಠೇವಣಿ ಇದ್ದರೆ ಅದು ಬೇರೆ ಕೆಲಸ. ಪ್ರಾಥಮಿಕ ಸಹಕಾರ ಸಂಘಗಳಿಗೆ ಬ್ಯಾಂಕಿನ ನಾಮಿನಿ ನಿಯಮಗಳು ಅನ್ವಯಿಸುವುದಿಲ್ಲ. ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷದ ವಿಮೆಯೂ ಅಲ್ಲಿಲ್ಲ. ಸಂಘದ ಕಾರ್ಯದರ್ಶಿ ಹತ್ತಿರ ಹೋಗಿ, ಠೇವಣಿಗೂ ಷೇರಿಗೂ ನಾಮಿನಿ ಯಾರೆಂದು ಪುಸ್ತಕ ತೆಗೆಸಿ ನೋಡಿ. ತುಂಬಾ ಕಡೆ ಅಲ್ಲಿ ಇನ್ನೂ ಅಪ್ಪನ ಹೆಸರೇ ಇರುತ್ತದೆ.

ಮಕ್ಕಳು ತಮ್ಮ ಸ್ವಂತ ಖಾತೆಗೆ ಅಮ್ಮನನ್ನು ಸೇರಿಸುವುದರ ಬಗ್ಗೆಯೂ ಕೇಳುತ್ತಾರೆ. ಅಮ್ಮನ ಖರ್ಚಿಗೆ ತಿಂಗಳು ತಿಂಗಳು ಹಣ ಹಾಕುವ ಚಿಕ್ಕ ಖಾತೆಯೊಂದನ್ನು ಜಂಟಿ ಮಾಡಿದರೆ ತೊಂದರೆ ಇಲ್ಲ. ಸಂಬಳದ ಖಾತೆಗೆ ಮಾತ್ರ ಸೇರಿಸಬೇಡಿ. ಅಮ್ಮ ಮೋಸದ ಕರೆಗೆ ಸಿಕ್ಕಿದರೆ ಒಂದೇ ಏಟಿಗೆ ನಿಮ್ಮ ಪೂರ್ತಿ ಹಣ ಹೋಗುತ್ತದೆ. ಮದುವೆಗೆ ಮೊದಲು ಅಮ್ಮನನ್ನು ನಾಮಿನಿ ಮಾಡಿದ್ದವರು ಮದುವೆಯಾದ ಮೇಲೆ ಅದನ್ನು ಮತ್ತೆ ತೆಗೆದು ನೋಡಬೇಕು. ವಿಲ್ ಇಲ್ಲದೆ ಮಗ ತೀರಿಕೊಂಡರೆ ಅವನ ಹೆಂಡತಿ ಮಕ್ಕಳ ಜೊತೆ ಅಮ್ಮನಿಗೂ ಸಮಪಾಲಿದೆ. ಮದುವೆಯಾದ ಮಗಳ ವಿಷಯದಲ್ಲಿ ಹಾಗಲ್ಲ, ಅವಳ ಗಂಡ ಮಕ್ಕಳಿರುವಾಗ ಅಮ್ಮನಿಗೆ ಪಾಲು ಬರುವುದಿಲ್ಲ. ಅಮ್ಮನ ಕೊನೆಗಾಲಕ್ಕೆ ಒಂದಷ್ಟು ಹಣ ಮೀಸಲಿಡಬೇಕು ಎಂದು ಮಗಳಿಗೆ ಅನ್ನಿಸಿದರೆ ನಾಮಿನಿ ಸಾಲದು, ಅವಳೇ ವಿಲ್ ಬರೆಯಬೇಕು.